ಒಂದೇ ವೇಳೆಗೆ ಇಬ್ಬರು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಟಿಕೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಬಸ್ಸಿನ ಟಿಕೆಟ್ಟಲ್ಲ. ಅದು ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಮಾರುವ ಕಂಪನಿ. ಗಿರಾಕಿಯ ದೂರು ಬಂದ ತಕ್ಷಣ ಅದಕ್ಕೊಂದು ನಂಬರು ಬೀಳುತ್ತಿತ್ತು. ನಂಬರು ಬಿದ್ದ ದೂರಿಗೆ ಅಲ್ಲಿ ಟಿಕೆಟ್ ಎಂದು ಹೆಸರು. ಒಂಬತ್ತು ವರ್ಷಗಳಿಂದ ಅವಳು ಅವನ್ನು ಓದಿ, ಬರೆದವರಿಗೆ ಫೋನು ಮಾಡಿ, ಅವರ ಬೈಗುಳದೊಳಗಿಂದ ತೊಂದರೆ ಯಾವುದು ಎಂದು ಹೆಕ್ಕಿ ತೆಗೆದು, ಮೇಲಿನ ಮಹಡಿಯ ಎಂಜಿನಿಯರುಗಳಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕಳಿಸುತ್ತಿದ್ದಳು. ದಿನಕ್ಕೆ ಅರವತ್ತು ದೂರು. "ನಿಮ್ಮ ಸಾಫ್ಟ್‌ವೇರ್ ಸತ್ತುಹೋಗಿದೆ" ಎಂದು ಬರೆದವರ ಪ್ಲಗ್ಗೇ ಕಿತ್ತು ಬಂದಿರುತ್ತಿತ್ತು. "ಏನೋ ಸ್ವಲ್ಪ ನಿಧಾನ" ಎಂದು ಮೆತ್ತಗೆ ಬರೆದವರ ಅಂಗಡಿಯಲ್ಲಿ ಇಡೀ ತಿಂಗಳ ಲೆಕ್ಕ ಮಾಯವಾಗಿರುತ್ತಿತ್ತು. ಜೋರಾಗಿ ಕೂಗುವವರಿಗಿಂತ ಮೆತ್ತಗೆ ಮಾತಾಡುವವರನ್ನು ಕಂಡರೇ ಹೆಚ್ಚು ಹೆದರಬೇಕೆಂದು ಅವಳು ಅಲ್ಲಿ ಕಲಿತಿದ್ದಳು.

ಬರುವ ತಿಂಗಳ ಕೊನೆಗೆ ಆ ವಿಭಾಗ ಮುಚ್ಚುವುದೆಂದು ತೀರ್ಮಾನವಾಗಿತ್ತು. ದೂರು ಕೇಳುವ ಕೆಲಸವನ್ನು ಬೇರೆ ಕಂಪನಿಗೆ ವಹಿಸುತ್ತಾರಂತೆ. ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರ ಬಂತು. ಅವಳು ಅದನ್ನು ಮಡಿಸಿ ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು, ಉಳಿದಿದ್ದ ಹದಿನಾಲ್ಕು ದೂರುಗಳನ್ನು ಮುಗಿಸಿಯೇ ಎದ್ದಳು. ಆಗ ಅವಳಿಗೆ ಮೂವತ್ತಾರು ವರ್ಷ.

ಹೆದರಿಕೆ ಅವಳಿಗೆ ಹೊಸದಾಗಿರಲಿಲ್ಲ. ಎರಡು ವರ್ಷಗಳ ಹಿಂದೆಯೇ, ಈ ಕುರ್ಚಿ ಎಂದಾದರೂ ಹೋಗುತ್ತದೆ ಎಂಬ ಅಳುಕು ಒಳಗೆ ಹೊಕ್ಕಿತ್ತು. ಅಂದಿನಿಂದ ಬೆಳಿಗ್ಗೆ ಐದಕ್ಕೆ ಎದ್ದು, ಮನೆಯವರು ಏಳುವ ತನಕ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬ್ಯಾಕೆಂಡ್ ಕಲಿಯುತ್ತಿದ್ದಳು. ನಾವು ಪರದೆಯ ಮೇಲೆ ಗುಂಡಿ ಒತ್ತಿದಾಗ ಅದರ ಹಿಂದೆ, ಕಣ್ಣಿಗೆ ಕಾಣದ ಕಡೆ ನಡೆಯುವ ಕೆಲಸ ಅದು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡನಿಗೆ ಅದು ಒಂದೇ ಮಾತಿಗೆ ಅರ್ಥವಾಗಿತ್ತು. "ಜನ ಗುಂಡಿ ನೋಡ್ತಾರೆ, ನಾನು ಹಗ್ಗ ನೋಡ್ತೀನಿ. ಅಷ್ಟೇ ತಾನೆ?" ಎಂದಿದ್ದ. ಅಷ್ಟೇ.

ಕಲಿತದ್ದಕ್ಕೆ ಒಂದು ಉಪಯೋಗವೂ ಸಿಕ್ಕಿತು. ಅವರ ಮನೆಯಲ್ಲೇ ಇದ್ದ ನಾದಿನಿ ಎರಡು ಬೀದಿ ಆಚೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಪುಟ್ಟ ಮೈಕಟ್ಟು, ದಿನವಿಡೀ ಚಿಲಿಪಿಲಿ, ಹಾಗಾಗಿ ಎಲ್ಲರಿಗೂ ಗುಬ್ಬಿ. ಇಡೀ ದಿನ ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಬರೆದೂ ಬರೆದೂ ಗುಬ್ಬಿಯ ಗಂಟಲು ಕಟ್ಟಿಹೋಗುತ್ತಿತ್ತು. ಅವಳಿಗಾಗಿ ಅತ್ತಿಗೆ ಒಂದು ಬುಕಿಂಗ್ ವ್ಯವಸ್ಥೆ ಬರೆದುಕೊಟ್ಟಳು. ರೋಗಿಗಳು ತಾವೇ ಮೊಬೈಲಿನಲ್ಲಿ ಖಾಲಿ ಇರುವ ವೇಳೆ ನೋಡಿ ಒತ್ತಬಹುದು. ಫೋನು ಮಾಡಿದವರಿಗೆ ಗುಬ್ಬಿ ತನ್ನ ಕೌಂಟರಿನಿಂದ ಒತ್ತಬಹುದು. ಡಾಕ್ಟರು ಕನ್ನಡಕದ ಮೇಲಿಂದ ಅದನ್ನು ನೋಡಿ, "ನಡೀಲಿ, ನೋಡೋಣ" ಎಂದಿದ್ದರು. ಎಂಟು ತಿಂಗಳಿಂದ ಅದು ನಡೆಯುತ್ತಿತ್ತು.

ಕೆಲಸ ಖಾಲಿ ಇದೆಯೆಂಬ ಸುದ್ದಿ ತಂದವನು ಮೇಲಿನ ಮಹಡಿಯ ಎಂಜಿನಿಯರ್. ಎದೆಯವರೆಗೆ ಗಡ್ಡ ಬಿಟ್ಟಿದ್ದ ಅವನನ್ನು ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಎಲ್ಲರೂ ಗಡ್ಡ ಎಂದೇ ಕರೆಯುತ್ತಿದ್ದರು.

"ಅಕ್ಕಾ, ಇದು ನಿಮಗೇ ಅಂತ ಬರೆದ ಹಾಗಿದೆ ನೋಡಿ," ಎಂದು ಮೊಬೈಲು ಮುಂದೆ ಹಿಡಿದ. ರಕ್ತ ಪರೀಕ್ಷೆಯ ಲ್ಯಾಬುಗಳಿಗೆ ಬುಕಿಂಗ್ ವ್ಯವಸ್ಥೆ ಕಟ್ಟುವ ಕಂಪನಿ. ಬ್ಯಾಕೆಂಡಿಗೆ ಒಬ್ಬರು ಬೇಕು.

ಅವಳು ಕೊನೆಯ ತನಕ ಓದಿದಳು. "ಮೂರು ವರ್ಷದ ಅನುಭವ ಅಂತಿದೆ. ನನ್ನ ಹತ್ರ ಎಲ್ಲಿದೆ?"

"ಅದಕ್ಕೇ ಅರ್ಜಿ ಹಾಕ್ಬೇಡಿ. ಆ ಒಂದು ಸಾಲಿಗೇ ಸೋಸಿ ಬಿಸಾಕ್ತಾರೆ. ಯಾರ ತಂಡಕ್ಕೆ ಜನ ಬೇಕೋ ಆ ಮ್ಯಾನೇಜರಿಗೇ ನೇರವಾಗಿ ಬರೀರಿ. ಹೆಸರು ಕೆಳಗೇ ಇದೆ."

"ಮುಖ ಪರಿಚಯ ಇಲ್ದೋರಿಗೆ ಹೇಗಪ್ಪಾ ಬರೆಯೋದು?"

"ಮುಖ ಪರಿಚಯ ಇರೋ ಮ್ಯಾನೇಜರು ನಿಮಗೆ ಎಷ್ಟು ಜನ ಇದ್ದಾರೆ ಅಕ್ಕಾ?"

ಅವಳಿಗೆ ನಗು ಬಂತು, ಹೆದರಿಕೆ ಹೋಗಲಿಲ್ಲ. ಎರಡು ದಿನ ಕೂತು ಬರೆದಳು. ಶಾಲೆಯ ಅಂಕದಿಂದ ಶುರುವಾಗಿ, ಮಗುವಿಲ್ಲದ ಕಾರಣದಿಂದ ರಜೆ ಹಾಕುವುದು ಕಡಿಮೆ ಎಂಬಲ್ಲಿಯವರೆಗೆ ಹೋಗಿತ್ತು. ಕೊನೆಯಲ್ಲಿ ಕಲಿಯುವಾಗ ಬರೆದ ಐದು ಸಣ್ಣಪುಟ್ಟ ಕೆಲಸಗಳ ಪಟ್ಟಿ. ಗಡ್ಡ ಓದಿ ತಲೆ ಚಚ್ಚಿಕೊಂಡ.

"ಇದು ಮೆಸೇಜೋ, ಆತ್ಮಚರಿತ್ರೆಯೋ? ಆಯಮ್ಮಂಗೆ ದಿನಕ್ಕೆ ಇಂಥವು ನೂರು ಬರ್ತವೆ. ಐದೈದು ಕೊಟ್ರೆ ಒಂದೂ ತೆಗೆದು ನೋಡಲ್ಲ. ಅವರ ಕೆಲಸಕ್ಕೆ ಹತ್ರ ಇರೋದು ಯಾವುದು? ಕ್ಲಿನಿಕ್ಕಿಂದು. ಅದೊಂದೇ ಲಗತ್ತಿಸಿ. ರೋಗಿಗಳ ಹೆಸರು, ನಂಬರು ಏನೂ ಅದರೊಳಗೆ ಇಲ್ಲ ತಾನೆ?"

"ಇಲ್ಲ. ತೋರಿಸೋ ಪ್ರತಿಯಲ್ಲಿ ಇರೋದೆಲ್ಲ ನಾನೇ ಕಟ್ಟಿದ ಹೆಸರು."

"ಹಾಗಾದ್ರೆ ಆರು ಸಾಲು. ಏಳನೇದು ಬರೆದ್ರೆ ನಾನು ನಿಮ್ಮ ಪರಿಚಯದವನೇ ಅಲ್ಲ."

ಆರು ಸಾಲಾಯಿತು:

"ನಮಸ್ಕಾರ ಮೇಡಂ. ನಿಮ್ಮ ತಂಡದಲ್ಲಿ ಖಾಲಿ ಇರುವ ಬ್ಯಾಕೆಂಡ್ ಹುದ್ದೆಯ ಬಗ್ಗೆ ಬರೆಯುತ್ತಿದ್ದೇನೆ. ಒಂಬತ್ತು ವರ್ಷಗಳಿಂದ ಸಾಫ್ಟ್‌ವೇರ್ ಕಂಪನಿಯೊಂದರ ಗ್ರಾಹಕ ಸಹಾಯ ವಿಭಾಗದಲ್ಲಿದ್ದೇನೆ. ಎರಡು ವರ್ಷಗಳಿಂದ ಬ್ಯಾಕೆಂಡ್ ಕೆಲಸವನ್ನು ಸ್ವಂತವಾಗಿ ಕಲಿತಿದ್ದೇನೆ. ನೀವು ಕಟ್ಟುತ್ತಿರುವುದಕ್ಕೆ ಹತ್ತಿರವಾದ ಒಂದೇ ಕೆಲಸವನ್ನು ಇಲ್ಲಿ ಲಗತ್ತಿಸಿದ್ದೇನೆ: ಹಲ್ಲಿನ ಕ್ಲಿನಿಕ್ ಒಂದಕ್ಕೆ ಬರೆದ ಅಪಾಯಿಂಟ್‌ಮೆಂಟ್ ವ್ಯವಸ್ಥೆ. ಎಂಟು ತಿಂಗಳಿಂದ ದಿನಕ್ಕೆ ಸುಮಾರು ನಲವತ್ತು ಜನ ಅದನ್ನು ಬಳಸುತ್ತಿದ್ದಾರೆ. ಕೋಡಿನ ಕೊಂಡಿ ಕೆಳಗಿದೆ; ಹದಿನೈದು ನಿಮಿಷ ಮಾತಾಡಲು ಅವಕಾಶ ಕೊಟ್ಟರೆ ಉಪಕಾರವಾಗುತ್ತದೆ."

ಗಡ್ಡ ಊಟಕ್ಕೆ ಹೋದ ಮೇಲೆ ಅವಳು ಮತ್ತೆ ಓದಿಕೊಂಡಳು. ಯಾಕೋ ಬರಿಗೈಯಲ್ಲಿ ನಿಂತಂತೆ ಕಂಡಿತು. ಇನ್ನೊಂದು ಸಾಲು, ಏಳನೆಯದು, ತಾನೇ ಸೇರಿಸಿದಳು: "ಈವರೆಗೆ ಒಂದೇ ವೇಳೆಗೆ ಇಬ್ಬರು ರೋಗಿಗಳು ಬುಕ್ ಆದದ್ದು ಒಮ್ಮೆಯೂ ಇಲ್ಲ."

ಬರೆಯುವಾಗ ಅದು ಸುಳ್ಳೆಂದು ಅವಳಿಗೆ ಅನಿಸಲಿಲ್ಲ. ಒಂಬತ್ತು ವರ್ಷಗಳಲ್ಲಿ ಅವಳು ಕಂಡ ತಪ್ಪುಗಳೆಲ್ಲ ದೂರಾಗಿಯೇ ಅವಳ ಮುಂದೆ ಬಂದಿದ್ದವು. ಕ್ಲಿನಿಕ್ಕಿನಿಂದ ದೂರು ಬಂದಿರಲಿಲ್ಲ. ದೂರಿಲ್ಲ ಎಂದರೆ ತಪ್ಪಿಲ್ಲ. ಅವಳ ಕೈಗೆ ಒಗ್ಗಿಹೋದ ಲೆಕ್ಕ ಅದು. ಕಣ್ಣು ಮುಚ್ಚಿ ಕಳಿಸು ಗುಂಡಿ ಒತ್ತಿದಳು.

ನಾಲ್ಕು ದಿನ ಏನೂ ಇಲ್ಲ. ಐದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಬೇಕರಿಯವನೊಬ್ಬನ ಬೈಗುಳ ಕೇಳುತ್ತಿದ್ದಾಗ, ಮೇಜಿನ ಮೇಲಿದ್ದ ಮೊಬೈಲು ಬೆಳಗಿತು.

"ಸಂದೇಶ ನೋಡಿದೆ. ಒಂದು ಪ್ರಶ್ನೆ. ಖಾಲಿ ಉಳಿದಿರುವ ಒಂದೇ ವೇಳೆಗೆ ಇಬ್ಬರು ಒಂದೇ ಕ್ಷಣದಲ್ಲಿ ಒತ್ತಿದರೆ ನಿಮ್ಮ ವ್ಯವಸ್ಥೆಯಲ್ಲಿ ಏನಾಗುತ್ತದೆ?"

ನಮಸ್ಕಾರವಿಲ್ಲ, ಹೆಸರಿಲ್ಲ. ಮೆತ್ತಗಿನ ಪ್ರಶ್ನೆ.

ಬೇಕರಿಯವನಿಗೆ ಏನು ಹೇಳಿ ಫೋನಿಟ್ಟಳೋ ನೆನಪಿಲ್ಲ. ಲ್ಯಾಪ್‌ಟಾಪಿನಲ್ಲಿ ತನ್ನದೇ ಕೋಡು ತೆಗೆದಳು. ತಾನು ಕೈಯಾರೆ ಬರೆದ ಸಾಲುಗಳನ್ನು ಯಾರೋ ಅಪರಿಚಿತರು ಬರೆದ ಕಾಗದದಂತೆ ಓದಿದಳು. ಮೊದಲ ಸಾಲು ಕೇಳುತ್ತದೆ: ಈ ವೇಳೆ ಖಾಲಿ ಇದೆಯೇ? ಖಾಲಿ ಇದ್ದರೆ ಮುಂದಿನ ಸಾಲು ಬರೆದುಕೊಳ್ಳುತ್ತದೆ: ಇವರ ಹೆಸರಿಗೆ. ಎರಡು ಸಾಲುಗಳ ನಡುವೆ ಕೂದಲೆಳೆಯಷ್ಟು ಹೊತ್ತು. ಆ ಹೊತ್ತಿನಲ್ಲಿ ಇನ್ನೊಬ್ಬರು ಬಂದು ಕೇಳಿದರೆ ಅವರಿಗೂ ಖಾಲಿ ಎಂದೇ ಉತ್ತರ. ಕೋಣೆಯ ಎರಡು ಬಾಗಿಲಿಂದ ಇಣುಕಿದ ಇಬ್ಬರೂ ಇರುವ ಒಂದೇ ಕುರ್ಚಿಯನ್ನು ಖಾಲಿಯೆಂದು ಕಂಡು, ಇಬ್ಬರೂ ಅದರತ್ತ ನಡೆದಂತೆ. ತಡೆಯುವವರು ಯಾರೂ ಇಲ್ಲ.

ಬರೆಯುವಾಗ ಇದು ಯಾಕೆ ಕಾಣಲಿಲ್ಲ? ಆಯಮ್ಮ ಕೋಡು ಓದಿದ್ದಾಳೆ. ಈ ಎರಡು ಸಾಲು ಕಂಡಿದ್ದಾಳೆ. ಆಮೇಲೆ ಏಳನೆಯ ಸಾಲು ಓದಿ ನಕ್ಕಿರುತ್ತಾಳೆ.

ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಕ್ಲಿನಿಕ್ಕಿಗೆ ಹೋದಳು. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಅಲ್ಲಿ ಬಿಡುವು. ಖಾಲಿ ಕುರ್ಚಿಗಳ ಸಾಲು, ಲವಂಗದ ಎಣ್ಣೆಯ ವಾಸನೆ, ಗೋಡೆಯ ಮೇಲೆ ನಗುತ್ತಿರುವ ದೊಡ್ಡ ಹಲ್ಲು. ಗುಬ್ಬಿ ಕೌಂಟರಿನ ಹಿಂದೆ ತಿನ್ನುತ್ತಾ ಕೂತಿದ್ದಳು.

"ಏನತ್ತಿಗೆ, ಹಲ್ಲು ನೋವಾ? ಮುಖ ಯಾಕೆ ಹಿಂಗೆ ಬಿಳಿಚಿಕೊಂಡಿದೆ?"

"ಗುಬ್ಬಿ, ಒಂದು ಕೇಳ್ತೀನಿ, ನಿಜ ಹೇಳು. ಒಂದೇ ಟೈಮಿಗೆ ಇಬ್ಬರು ಬಂದು ನಿಂತಿದ್ದು ಯಾವತ್ತಾದ್ರೂ ಇದೆಯಾ?"

ಗುಬ್ಬಿ ಬಾಯಿಗಿಟ್ಟ ತುತ್ತು ನಿಧಾನಕ್ಕೆ ಅಗಿದಳು. ಅಷ್ಟು ನಿಧಾನವಾಗಿ ಅವಳು ಏನನ್ನೂ ಅಗಿದದ್ದಿಲ್ಲ.

"ಇದೆ," ಎಂದಳು.

"ಎಷ್ಟು ಸಲ?"

ಗುಬ್ಬಿ ಡ್ರಾಯರಿನಿಂದ ಒಂದು ಪುಟ್ಟ ನೋಟ್‌ಬುಕ್ಕು ತೆಗೆದು, ಹಿಂದಿನ ಪುಟ ತಿರುವಿ ಮುಂದಿಟ್ಟಳು. ಐದು ತಾರೀಕು. ಒಂದೊಂದರ ಪಕ್ಕ ಎರಡೆರಡು ಹೆಸರು. ಹೆಚ್ಚಿನವು ಬೆಳಿಗ್ಗೆ ಒಂಬತ್ತಕ್ಕೆ, ಮರುದಿನದ ವೇಳೆಗಳು ಮೊಬೈಲಿನಲ್ಲಿ ತೆರೆದುಕೊಂಡು ಎಲ್ಲರೂ ಒಟ್ಟಿಗೆ ಮುಗಿಬೀಳುವ ಹೊತ್ತಿನಲ್ಲಿ ಬುಕ್ ಆದವು.

"ಇಬ್ಬರನ್ನೂ ಕೂರಿಸಿ, ಒಬ್ಬರಿಗೆ ಎಕ್ಸ್‌ರೇ ಮೊದಲು ಆಗ್ಲಿ ಅಂತೀನಿ. ಇನ್ನೊಬ್ಬರನ್ನ ಒಳಗೆ ಕಳಿಸ್ತೀನಿ. ಹೇಗೋ ಸಂಭಾಳಿಸ್ತೀನಿ. ಯಾರಿಗೂ ಗೊತ್ತೇ ಆಗಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ದಿನಾ ಅರವತ್ತು ಜನರ ದೂರು ಕೇಳಿ ಮನೆಗೆ ಬರ್ತೀರ. ಚಪ್ಪಲಿ ಬಿಡೋಕೂ ಮುಂಚೆ ಅರವತ್ತೊಂದನೇದು ನಾನು ಹೇಳ್ಲಾ?" ಗುಬ್ಬಿಯ ದನಿ ಇಳಿಯಿತು. "ಅದನ್ನ ಕಟ್ಟಿದ ದಿನ ಎಷ್ಟು ಖುಷಿಯಾಗಿದ್ರಿ ಅತ್ತಿಗೆ. ಮುರಿಯೋಕೆ ಮನಸ್ಸು ಬರಲಿಲ್ಲ."

ಅವಳಿಗೆ ಬೈಯಬೇಕೆನಿಸಿತು, ಬೈಗುಳ ಬರಲಿಲ್ಲ. ಕೌಂಟರಿನ ಹಿಂದೆ ಕೂತು ಕಂಪ್ಯೂಟರಿನಲ್ಲಿ ದಾಖಲೆಗಳನ್ನೇ ಕೇಳಿದಳು: ರದ್ದಾದವನ್ನು ಬಿಟ್ಟು, ಒಂದೇ ಡಾಕ್ಟರಿಗೆ ಒಂದೇ ವೇಳೆಯಲ್ಲಿ ಒಂದಕ್ಕಿಂತ ಹೆಚ್ಚು ಬುಕ್ ಆದದ್ದು ಎಷ್ಟು? ಉತ್ತರ ಚಿಟಿಕೆ ಹೊಡೆಯುವಷ್ಟರಲ್ಲಿ ಬಂತು. ಏಳು.

"ಏಳಾ?" ಗುಬ್ಬಿ ಬಗ್ಗಿ ನೋಡಿದಳು. "ಈ ಎರಡು ನನಗೇ ಗೊತ್ತಿಲ್ಲವಲ್ಲ!"

ಸಂಜೆ ಗಡ್ಡ ಮೆಟ್ಟಿಲ ಬಳಿ ಕೇಳಿಸಿಕೊಂಡ. ಏಳನೆಯ ಸಾಲಿನ ವಿಷಯ ಬಂದಾಗ ಹಣೆಗೆ ಕೈ ಹಚ್ಚಿದ. "ನಾನು ಪರಿಚಯದವನಲ್ಲ ಅಂದಿದ್ನಲ್ಲ," ಎಂದ. ಆಮೇಲೆ ದನಿ ತಗ್ಗಿಸಿದ. "ಈಗ ಏನು ಮಹಾ? ಡೇಟಾಬೇಸಲ್ಲೇ ನಿಯಮ ಹಾಕಿ. ಒಬ್ಬ ಡಾಕ್ಟರು, ಒಂದು ವೇಳೆ, ಒಂದೇ ದಾಖಲೆ. ಎರಡನೇದು ಬಂದ್ರೆ ಅದೇ ತಳ್ಳಿಬಿಡುತ್ತೆ. ನಾಳೆ ಮಾಡಿ, ನಾಡಿದ್ದು ಉತ್ತರ ಬರೀರಿ. 'ಎರಡನೆಯವರಿಗೆ ಸಿಗೋದಿಲ್ಲ' ಅಂತ. ಅದು ನಿಜಾನೇ ಆಗಿರುತ್ತೆ."

"ಕೋಡು ಬದಲಾಯಿಸಿದ ದಿನಾಂಕ ಆ ಕೊಂಡಿಯಲ್ಲೇ ಕಾಣುತ್ತಲ್ಲ."

"ದಿನಾಂಕ ಯಾರು ನೋಡ್ತಾರೆ?"

"ನೋಡಿದ್ರೆ?"

ಅವನು ಗಡ್ಡ ಸವರಿಕೊಂಡ.

ಮರುದಿನ ರಜೆ ಹಾಕಿ ಕೆಲಸಕ್ಕೆ ಕೂತಳು. ಮೊದಲು ತನ್ನ ಲ್ಯಾಪ್‌ಟಾಪಿನ ಪ್ರತಿಯ ಮೇಲೆ ಒಂದೇ ವೇಳೆಗೆ ಐವತ್ತು ಕೋರಿಕೆಗಳನ್ನು ಒಟ್ಟಿಗೆ ಹರಿಯಬಿಟ್ಟಳು. ಮೂವರಿಗೆ ಒಂದೇ ವೇಳೆ ಸಿಕ್ಕಿತು. ಮತ್ತೆ ಬಿಟ್ಟಳು, ಇಬ್ಬರಿಗೆ. ತನ್ನ ತಪ್ಪು ಹೀಗೆ ಕಣ್ಣೆದುರು ಕುಣಿಯುವುದನ್ನು ನೋಡಲು ಅವಳಿಗೆ ಭಯವಾಯಿತು, ಆದರೂ ಐದಾರು ಸಲ ನೋಡಿದಳು. ನಿಯಮ ಹಾಕಿ ಮತ್ತೆ ಐವತ್ತನ್ನು ಬಿಟ್ಟಾಗ ಒಬ್ಬರಿಗೆ ಸಿಕ್ಕಿತು. ನಲವತ್ತೊಂಬತ್ತು ಜನರಿಗೆ "ಈ ವೇಳೆ ಈಗಷ್ಟೇ ತುಂಬಿತು, ಬೇರೆ ಆರಿಸಿ" ಎಂಬ ಉತ್ತರ. ಮಧ್ಯಾಹ್ನ ಕ್ಲಿನಿಕ್ಕಿನ ಬಿಡುವಿನಲ್ಲಿ ನಿಜವಾದ ದಾಖಲೆಗಳ ಮೇಲೆ ಅದೇ ನಿಯಮ ಹಾಕಲು ಹೋದರೆ ಡೇಟಾಬೇಸು ಒಪ್ಪಲೇ ಇಲ್ಲ. ಒಳಗಾಗಲೇ ಜೋಡಿಗಳಿವೆ, ಅವನ್ನಿಟ್ಟುಕೊಂಡು ಈ ನಿಯಮ ಹಾಕಲಾಗದು ಎಂದು ಮೊದಲನೆಯ ಜೋಡಿಯ ತಾರೀಕನ್ನು ಎತ್ತಿ ತೋರಿಸಿತು. ಎಂಟು ತಿಂಗಳು ಒಂದು ಮಾತೂ ಆಡದ ಪೆಟ್ಟಿಗೆ ಈಗ ಬಾಯಿಬಿಟ್ಟು ಸಾಕ್ಷಿ ಹೇಳಿದಂತಾಯಿತು. ಏಳು ಜೋಡಿಗಳಲ್ಲೂ ಎರಡನೆಯದನ್ನು 'ಜೋಡಿ ಬುಕ್' ಎಂದು ಗುರುತು ಹಾಕಿ ಬದಿಗಿಟ್ಟಳು. ಅಳಿಸಲಿಲ್ಲ. ಆಮೇಲೆ ನಿಯಮ ಕೂತಿತು.

ಉತ್ತರ ಬರೆಯುವುದೇ ಉಳಿಯಿತು. ಗಡ್ಡ ಹೇಳಿಕೊಟ್ಟ ಸಾಲನ್ನು ಬರೆದೂ ನೋಡಿದಳು. ಚಿಕ್ಕದಾಗಿ, ಚೊಕ್ಕವಾಗಿತ್ತು. ಆದರೆ ಮುಂದೊಂದು ದಿನ ಆ ಹೆಂಗಸು ಎದುರು ಕೂತು, "ಇದು ಮೊದಲಿನಿಂದಲೂ ಹೀಗೇ ಇತ್ತಾ?" ಎಂದು ಕೇಳಿದರೆ ತನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ. ಸುಳ್ಳು ಹೇಳಿದವರ ದನಿಯನ್ನು ಒಂಬತ್ತು ವರ್ಷ ಫೋನಿನಲ್ಲಿ ಕೇಳಿದವಳು ಅವಳು. ತನ್ನ ದನಿ ಹೇಗಿರುತ್ತದೆಂದು ಗೊತ್ತು. ಇದು ಧೈರ್ಯದಿಂದ ಮಾಡಿದ ತೀರ್ಮಾನವಲ್ಲ. ಕೆಲಸ ಸಿಗದಿದ್ದರೆ ಎಂಬ ಹೆದರಿಕೆಗಿಂತ ಸಿಕ್ಕಿದ ಮೇಲೆ ಸಿಕ್ಕಿಬಿದ್ದರೆ ಎಂಬ ಹೆದರಿಕೆ ಒಂದು ಗುಲಗಂಜಿ ತೂಕ ಹೆಚ್ಚಿತ್ತು, ಅಷ್ಟೇ.

"ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ: ನಾನು ಕಳಿಸಿದ ದಿನದ ಕೋಡಿನಲ್ಲಿ ಇಬ್ಬರಿಗೂ ಆ ವೇಳೆ ಸಿಗುವ ಸಾಧ್ಯತೆ ಇತ್ತು. ಒಮ್ಮೆಯೂ ಆಗಿಲ್ಲವೆಂದು ನಾನು ಬರೆದದ್ದು ತಪ್ಪು. ನಿಮ್ಮ ಪ್ರಶ್ನೆ ಬಂದ ಮೇಲೆ ದಾಖಲೆ ತೆಗೆದು ನೋಡಿದೆ. ಎಂಟು ತಿಂಗಳಲ್ಲಿ ಏಳು ಸಲ ಆಗಿದೆ. ಈಗ ಡೇಟಾಬೇಸಿನಲ್ಲೇ ತಡೆ ಹಾಕಿದ್ದೇನೆ. ಐವತ್ತು ಕೋರಿಕೆಗಳನ್ನು ಒಟ್ಟಿಗೆ ಕಳಿಸುವ ಪರೀಕ್ಷೆಯನ್ನೂ ಅದೇ ಕೊಂಡಿಯಲ್ಲಿ ಸೇರಿಸಿದ್ದೇನೆ."

ಕಳಿಸಿದ ಮೇಲೆ ಎರಡು ದಿನ ಅವಳು ಮನೆಯಲ್ಲಿ ನೆರಳಿನಂತೆ ಓಡಾಡಿದಳು. ಕುಕ್ಕರು ಕೂಗಿದರೆ ಬೆಚ್ಚಿಬೀಳುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಗುರುತಿಲ್ಲದ ನಂಬರಿನಿಂದ ಫೋನು. ಎದ್ದು ಆಫೀಸಿನ ಮೆಟ್ಟಿಲ ಕಡೆಗೆ ಓಡಿದಳು.

"ಮಾತಾಡಬಹುದಾ ಈಗ?" ದಣಿದ ಹೆಂಗಸಿನ ದನಿ. ಹಿಂದೆ ಯಾರೋ ಬಾಗಿಲು ಹಾಕಿದ ಸದ್ದು. "ನಿಮ್ಮ ಉತ್ತರ ಓದಿದೆ. ಒಂದು ಮಾತು ಹೇಳ್ಬೇಕು. ಆ ಪ್ರಶ್ನೆ ಕೇಳಿದಾಗ ನಿಮ್ಮ ಕೋಡು ನಾನು ತೆಗೆದೇ ನೋಡಿರಲಿಲ್ಲ."

"ನೋಡಿರಲಿಲ್ವಾ?"

"ಬುಕಿಂಗ್ ಅಂತ ಬರೆಯೋ ಪ್ರತಿಯೊಬ್ಬರಿಗೂ ಅದನ್ನೇ ಕೇಳ್ತೀನಿ. ಮುಕ್ಕಾಲು ಪಾಲು ಜನ 'ಆಗೋದೇ ಇಲ್ಲ ಮೇಡಂ' ಅಂತಾರೆ. ನೀವು ಬರೆದ ಮೇಲೇ ತೆಗೆದು ನೋಡಿದ್ದು."

ಹಾಗಾದರೆ ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಮೆಟ್ಟಿಲ ಕಟಕಟೆ ಹಿಡಿದುಕೊಂಡಳು. ನನ್ನ ಕೈಯಿಂದಲೇ ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡೆನೇ?

"ಖಾಲಿ ಇದೆಯಾ ಅಂತ ಮೊದಲು ಕೇಳಿ ಆಮೇಲೆ ಬರೆಯೋದು, ಎಲ್ಲರೂ ಒಂದು ಸಲ ಮಾಡೋ ತಪ್ಪು," ಎಂದಿತು ದನಿ. "ನಾನೂ ಮಾಡಿದ್ದೀನಿ. ಅದಿರಲಿ. ಡಾಕ್ಟರು ಏನಂದ್ರು?"

"ಯಾವ ಡಾಕ್ಟರು ಮೇಡಂ?"

"ಕ್ಲಿನಿಕ್ಕಿನವರು. ಏಳು ಸಲ ಆಗಿದೆ ಅಂತ ಅವರಿಗೆ ಹೇಳಿರ್ತೀರಲ್ಲ?"

ಅವಳು ಕಂಡುಕೇಳರಿಯದ ಹೆಂಗಸಿಗೆ ಅಚ್ಚುಕಟ್ಟಾಗಿ ಬರೆದು ಒಪ್ಪಿಸಿದ್ದಳು; ಎರಡು ಬೀದಿ ಆಚೆ ಇದ್ದವರಿಗೆ ಹೇಳಬೇಕೆಂದು ಹೊಳೆದಿರಲೇ ಇಲ್ಲ. ಇಲ್ಲ, ಹೊಳೆದಿತ್ತು. ಹೇಳಿದರೆ ಮುಚ್ಚಿಟ್ಟದ್ದಕ್ಕೆ ಗುಬ್ಬಿಯ ತಲೆ ಹೋಗುತ್ತದೆಂದು ಹೆದರಿ ಬೇರೆ ಕಡೆ ನೋಡಿದ್ದಳು.

"ಇಲ್ಲ ಮೇಡಂ. ಹೇಳಿಲ್ಲ."

"ಹೇಳಿ," ಎಂದಳು ಮ್ಯಾನೇಜರು. ಅಷ್ಟೇ ಮೆತ್ತಗೆ. "ಮಂಗಳವಾರ ಮೂರು ಗಂಟೆಗೆ ನಮ್ಮ ಇಬ್ಬರು ಎಂಜಿನಿಯರುಗಳ ಜೊತೆ ಎರಡನೇ ಸುತ್ತು ಇಡ್ತೀನಿ. ಹೇಳಿದ ಮೇಲೆ ಏನಾಯ್ತು ಅಂತ ಅವರು ಕೇಳ್ತಾರೆ."

ಅಂದೇ ಸಂಜೆ, ಕೊನೆಯ ರೋಗಿ ಹೋದ ಮೇಲೆ, ಅತ್ತಿಗೆ ನಾದಿನಿ ಇಬ್ಬರೂ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತರು. ಗುಬ್ಬಿಗೆ ಅಂದು ಚಿಲಿಪಿಲಿ ಇರಲಿಲ್ಲ.

"ನಾನೇ ಮುಚ್ಚಿಟ್ಟಿದ್ದು ಅಂತ ಹೇಳಿಬಿಡಿ," ಎಂದು ಪಿಸುಗುಟ್ಟಿದಳು.

"ಬಾಯ್ಮುಚ್ಚು. ಕೋಡು ಬರೆದಿದ್ದು ನಾನು."

ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದರು. ಏಳು ತಾರೀಕುಗಳ ಹಾಳೆಯನ್ನು ಕನ್ನಡಕದ ಮೇಲಿಂದ ಓದಿದರು. ಒಂದು ಕಡೆ ಬೆರಳು ನಿಂತಿತು.

"ಈ ಯಜಮಾನರು ನನ್ನ ಮುಖಕ್ಕೇ ಹೇಳಿ ಹೋದರು, ಮುಕ್ಕಾಲು ಗಂಟೆ ನೋವಲ್ಲಿ ಕೂರಿಸಿದಿರಿ, ಕೈ ಅಷ್ಟು ನಿಧಾನ ಇದ್ದರೆ ಬೇರೆ ಕಸುಬು ನೋಡಿಕೊಳ್ಳಿ ಅಂತ. ಎರಡು ದಿನ ನನ್ನ ಕೈಯನ್ನೇ ನೋಡಿಕೊಂಡಿದ್ದೆ." ತಲೆ ಎತ್ತಿದರು. "ಅದು ನೀವಾ?"

"ನಾನೇ ಸರ್."

"ಗುಬ್ಬಿ, ನೀನು?"

"ಅತ್ತಿಗೆಗೆ ಬೇಜಾರಾಗುತ್ತೆ ಅಂತ..."

"ನನಗೆ ಆಗಲಿ ಅಂತ?"

ಗುಬ್ಬಿಯ ಕಣ್ಣು ತುಂಬಿತು. ಈಗ ತೆಗೆದುಹಾಕುತ್ತಾರೆ, ನನ್ನ ವ್ಯವಸ್ಥೆಯನ್ನೂ, ಈ ಹುಡುಗಿಯನ್ನೂ ಎಂದು ಅತ್ತಿಗೆ ಅಂದುಕೊಂಡಳು.

ಡಾಕ್ಟರು ಹಾಳೆಯನ್ನು ಅವಳ ಕೈಗೆ ವಾಪಸು ಕೊಟ್ಟರು. "ಇದರಲ್ಲಿ ಕಾದವರಿಗೆಲ್ಲ ಫೋನು ಮಾಡಿ ಕ್ಷಮೆ ಕೇಳಿ. ನಾಳೆ ಬೆಳಿಗ್ಗೆ ಇಲ್ಲಿಂದಲೇ, ಗುಬ್ಬಿಯ ಎದುರು. ಆಮೇಲೆ ಮುಂದಿನ ಮಾತು."

ಹೀಗೆ, ದಿನಕ್ಕೆ ಅರವತ್ತು ಫೋನು ಮಾಡುತ್ತಿದ್ದವಳು ಶನಿವಾರ ಬೆಳಿಗ್ಗೆ ಏಳು ಫೋನು ಮಾಡಲು ಬೆವರಿದಳು. ಇಷ್ಟು ವರ್ಷ ಬೇರೆಯವರ ತಪ್ಪಿಗೆ ಕ್ಷಮೆ ಕೇಳಿದ್ದಳು; ಅದು ನಾಲಿಗೆಯ ಕೆಲಸ. ಇದು ಬೇರೆ. ಮೊದಲನೆಯವರಿಗೆ ನೆನಪೇ ಇರಲಿಲ್ಲ. ಎರಡನೆಯವರು ಹತ್ತು ನಿಮಿಷ ಬೈದರು, ಅರ್ಧ ಭಾಗ ಕ್ಲಿನಿಕ್ಕಿಗೆ, ಉಳಿದದ್ದು ಅಳಿಯನಿಗೆ. ಯಜಮಾನರು, "ಅಯ್ಯೋ, ಡಾಕ್ಟರ ಮೇಲೆ ರೇಗಿಬಿಟ್ನಲ್ಲಮ್ಮ," ಎಂದು ತಾವೇ ನೊಂದುಕೊಂಡರು. ಗುಬ್ಬಿಗೂ ಗೊತ್ತಿರದಿದ್ದ ಎರಡರಲ್ಲಿ ಒಬ್ಬಳು ದಾರಿಯಲ್ಲಿ ಚಕ್ರ ಪಂಕ್ಚರಾಗಿ ಬಂದೇ ಇರಲಿಲ್ಲ. ಇನ್ನೊಬ್ಬ ಕೇಳಿದ:

"ಅವತ್ತು ನನ್ನ ಹೊತ್ತಿಗೆ ಇನ್ನೊಬ್ಬರು ಒಳಗೆ ಹೋದ್ರಲ್ಲ, ಅದು ನಿಮ್ಮಿಂದಲಾ?"

"ಹೌದು ಸರ್. ತುಂಬಾ ತಪ್ಪಾಯ್ತು."

"ತಪ್ಪೇನು ಬಂತು! ಹಲ್ಲು ಕೀಳಿಸೋಕೆ ಬಂದಿದ್ದೆ. ಜೀವ ಬಾಯಿಗೆ ಬಂದಿತ್ತು. ಅವರು ಒಳಗೆ ಹೋಗಿದ್ದೇ ತಡ, ಯಾರಿಗೂ ಹೇಳದೆ ಓಡಿಬಿಟ್ಟೆ. ನೀವು ಮಾಡಿದ ಉಪಕಾರ ನಾನು ಮರೆಯಲ್ಲ."

"ಹಲ್ಲು ಈಗ ಹೇಗಿದೆ ಸರ್?"

"ಅದನ್ನ ಮಾತ್ರ ಕೇಳಬೇಡಿ."

ಗುಬ್ಬಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಒಳಗಿಂದ ಡಾಕ್ಟರು, "ಸೋಮವಾರ ಹತ್ತಕ್ಕೆ ಬರೆದುಕೋ ಅವನನ್ನ. ಒಬ್ಬನನ್ನೇ," ಎಂದು ಕೂಗಿದರು. ಮುಂದಿನ ಮಾತು ಎಂದದ್ದು ಅಷ್ಟೇ ಆಯಿತು.

ಮಂಗಳವಾರ ಮೂರಕ್ಕೆ ಪರದೆಯ ಮೇಲೆ ಇಬ್ಬರು ಎಂಜಿನಿಯರುಗಳು ಬಂದರು. ಮ್ಯಾನೇಜರು ಒಂದು ಮೂಲೆಯ ಚೌಕದಲ್ಲಿ ಸುಮ್ಮನೆ ಕೂತಿದ್ದಳು. ಏಳು ಫೋನಿನ ಕಥೆ ಕೇಳಿ ಅವರಲ್ಲೊಬ್ಬ ನಕ್ಕ. ನಗು ಮುಗಿಸಿದ ಕೂಡಲೇ, "ಒಂದೇ ಮನುಷ್ಯ ನೆಟ್‌ವರ್ಕ್ ನಿಧಾನ ಅಂತ ಗುಂಡಿ ಎರಡು ಸಲ ಒತ್ತಿದರೆ?" ಎಂದ. ಎರಡನೆಯದನ್ನು ಡೇಟಾಬೇಸು ತಳ್ಳುತ್ತದೆ, ನಿಜ. ಆದರೆ ಆ ಮನುಷ್ಯನಿಗೆ 'ತುಂಬಿತು' ಎಂದು ಕಾಣುತ್ತದೆ, ತನ್ನದೇ ಬುಕಿಂಗ್ ಆಗಿದ್ದರೂ ಆಗಿಲ್ಲವೆಂದು ತಿಳಿಯುತ್ತಾನೆ. ಯೋಚಿಸುತ್ತ ಯೋಚಿಸುತ್ತ ಅದನ್ನೇ ಜೋರಾಗಿ ಹೇಳಿದಳು. "ಒಂದೊಂದು ಕೋರಿಕೆಗೂ ಒಂದು ಗುರುತು ಕೊಟ್ಟು, ಅದೇ ಗುರುತು ಮತ್ತೆ ಬಂದ್ರೆ ಹಳೇ ಉತ್ತರವನ್ನೇ ಕೊಡಬೇಕು ಅನ್ಸುತ್ತೆ. ನನ್ನ ಕೋಡಲ್ಲಿ ಅದಿಲ್ಲ. ಕ್ಲಿನಿಕ್ಕಲ್ಲಿ ಇದು ಈಗಾಗ್ಲೇ ಆಗಿರಬಹುದು. ಇವತ್ತು ಸಂಜೆಯೇ ಹೋಗಿ ನೋಡ್ತೀನಿ."

ಅವರು ಏನನ್ನೋ ಬರೆದುಕೊಂಡರು. ಒಳ್ಳೆಯದೆಂದೋ ಕೆಟ್ಟದೆಂದೋ ಮುಖದಲ್ಲಿ ಕಾಣಲಿಲ್ಲ.

ಶುಕ್ರವಾರ ಮಧ್ಯಾಹ್ನ ಪತ್ರ ಬಂತು. ಮೂರು ತಿಂಗಳು ಪರೀಕ್ಷಾವಧಿ, ಮುಂದಿನ ತಿಂಗಳ ಮೊದಲ ದಿನ ಹಾಜರಾಗಬೇಕು. ಅವಳು ಪತ್ರವನ್ನು ಮೂರು ಸಲ ಓದಿದಳು. ಬೇರೆ ಯಾರಿಗೋ ಬರೆದದ್ದು ತಪ್ಪಿ ತನಗೆ ಬಂದಿರಬಹುದೆಂದು ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿದಳು. ಮೆಟ್ಟಿಲ ಮೇಲೆ ಕೂತು ಗುಬ್ಬಿಗೆ ಫೋನು ಮಾಡಿದಳು.

"ಏನಾಯ್ತು ಅತ್ತಿಗೆ? ಬೇಗ ಹೇಳಿ, ಇಲ್ಲಿ ಆರು ಜನ ಕೂತಿದ್ದಾರೆ."

"ಸಿಕ್ತು ಕಣೇ."

ಆ ಕಡೆಯಿಂದ ಬಂದ ಕಿರುಚಾಟಕ್ಕೆ ಯಾರದೋ ಹಲ್ಲು ನೋವು ಹೆಚ್ಚಾಗಿರಬೇಕು. "ಮತ್ತೆ ಯಾಕೆ ದನಿ ನಡುಗ್ತಿದೆ?"

"ಹೆದರಿಕೆ ಆಗ್ತಿದೆ."

"ಸಿಕ್ಕಿದ ಮೇಲೂನಾ?"

"ನಿಮ್ಮ ಕ್ಲಿನಿಕ್ಕಿಗೆ ದಿನಕ್ಕೆ ನಲವತ್ತು ಜನ. ಅಲ್ಲಿ ನಾನೂರು ಲ್ಯಾಬಂತೆ," ಎಂದಳು ಅವಳು. ಕೆಳಗಿನ ಮಹಡಿಯಲ್ಲಿ ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವಳು ಎದ್ದು, ಅವರಿಗೆ ದಾರಿ ಬಿಟ್ಟು, ಗೋಡೆಗೆ ಒರಗಿ ನಿಂತಳು.